ಇಳಿಜಾರು ಹೊಲದಿಂದ ವರ್ಷಕ್ಕೆ ಎಷ್ಟು ಮಣ್ಣು ಹೋಗುತ್ತದೆ?

ಕೆಮ್ಮಣ್ಣಿನ ಇಳಿಜಾರು ಹೊಲದಲ್ಲಿ ಜೋರು ಮಳೆಯ ಮರುದಿನ ಬೆರಳಗಲದ ಕೊರಕಲುಗಳು ಕಾಣುತ್ತವೆ. ಮುಂದಿನ ಉಳುಮೆಗೆ ಅವು ಮುಚ್ಚಿಹೋಗುವುದರಿಂದ ಹೋದ ಮಣ್ಣು ಯಾರ ಲೆಕ್ಕಕ್ಕೂ ಬರುವುದಿಲ್ಲ. ಆ ಲೆಕ್ಕ ಹಾಕಲು ಅಮೆರಿಕದ ವಿಸ್ಚ್‌ಮಯರ್ ಮತ್ತು ಸ್ಮಿತ್ ಕಟ್ಟಿದ ಸೂತ್ರವೊಂದಿದೆ. 1997ರ ಕೈಪಿಡಿಯಲ್ಲಿ ಪ್ರಕಟವಾದ ಅದರ ಪರಿಷ್ಕೃತ ರೂಪಕ್ಕೆ RUSLE ಎಂದು ಹೆಸರು:

A = R × K × LS × C × P

A ಎಂದರೆ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ ಎಷ್ಟು ಟನ್ ಮಣ್ಣು ಹೋಗುತ್ತದೆ ಎಂಬುದು. R ಮಳೆಯ ಹೊಡೆತದ ಬಲ, K ಮಣ್ಣು ಸಡಿಲವಾಗಿ ಹೋಗುವ ಗುಣ. LS ಇಳಿಜಾರಿನ ಉದ್ದ ಮತ್ತು ಕಡಿದು; 22.13 ಮೀಟರ್ ಉದ್ದದ, ಶೇ. 9 ಇಳಿಜಾರಿಗೆ ಇದರ ಬೆಲೆ 1. C ಬೆಳೆಯ ಹೊದಿಕೆ, P ಬದು, ಅಡ್ಡ ಉಳುಮೆಯಂಥ ಕ್ರಮಗಳು. ಬರಿ ನೆಲಕ್ಕೆ C 1, ಯಾವ ಕ್ರಮವೂ ಇಲ್ಲದಿದ್ದರೆ P 1.

ಒಂದು ರಾಗಿ ಹೊಲವನ್ನು ಊಹಿಸಿಕೊಳ್ಳೋಣ. ಶೇ. 5 ಇಳಿಜಾರು, 50 ಮೀಟರ್ ಉದ್ದ; LS ಸುಮಾರು 0.8. R 4000, K 0.03, C 0.35, P 1 ಎಂದಿಟ್ಟರೆ ಗುಣಲಬ್ಧ 33.6 ಟನ್. ಹೊಲದ ಮೇಲೆಲ್ಲ ಹರಡಿದರೆ ಇದು ಎರಡೂವರೆ ಮಿಲಿಮೀಟರಿನಷ್ಟೂ ದಪ್ಪವಿಲ್ಲ. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಆದರೆ ನೆಲ ತಾಳಬಲ್ಲದ್ದೆಂದು ಸಾಮಾನ್ಯವಾಗಿ ಹೇಳುವ ಮಿತಿ 11.2 ಟನ್.

ಮಳೆ, ಮಣ್ಣು ರೈತನ ಕೈಯಲ್ಲಿಲ್ಲ. ಇಳಿಜಾರಿಗೆ ಅಡ್ಡವಾಗಿ ಉತ್ತರೆ P 0.5ಕ್ಕೆ ಇಳಿದು ನಷ್ಟ 16.8 ಟನ್ ಆಗುತ್ತದೆ. ಜೊತೆಗೆ ಅವರೆ, ಅಲಸಂದೆಯ ಅಕ್ಕಡಿ ಸಾಲು, ನೆಲದ ಮೇಲೆ ಹುಲ್ಲಿನ ಹೊದಿಕೆ ಸೇರಿ C 0.2ಕ್ಕೆ ಬಂದರೆ 9.6 ಟನ್. ಬದು ಹಾಕಿ ಇಳಿಜಾರಿನ ಉದ್ದವನ್ನು 25 ಮೀಟರಿಗೆ ಇಳಿಸಿದರೆ LS ಅರ್ಧವಾಗುವುದಿಲ್ಲ, 0.6ಕ್ಕೆ ಮಾತ್ರ ಇಳಿಯುತ್ತದೆ. ಬದುವಿನ ಜೊತೆ ಹೊದಿಕೆಯೂ ಬೇಕೆನ್ನುವುದು ಇದಕ್ಕೇ.

ಇಡೀ ತಾಲ್ಲೂಕಿಗೆ ಲೆಕ್ಕ ಹಾಕುವಾಗ ಐದಕ್ಕೂ ಒಂದೊಂದು ನಕ್ಷೆ ಮಾಡಿ, ಕಂಪ್ಯೂಟರಿನಲ್ಲಿ ಚೌಕದಿಂದ ಚೌಕಕ್ಕೆ ಗುಣಿಸುತ್ತಾರೆ. ಎಡವುವುದು ಇಲ್ಲೇ. ಅಮೆರಿಕದ ಪಟ್ಟಿಯ K ಬೆಲೆಯನ್ನು 0.1317ರಿಂದ ಗುಣಿಸದೆ ಮೆಟ್ರಿಕ್ R ಜೊತೆ ಸೇರಿಸಿದರೆ ಉತ್ತರ ಏಳೂವರೆ ಪಟ್ಟು ಹೆಚ್ಚುತ್ತದೆ. 30 ಮೀಟರ್ ಚೌಕದ ಎತ್ತರದ ನಕ್ಷೆಗೆ ಹೊಲದ ಬದು ಕಾಣುವುದೇ ಇಲ್ಲ. ನೀರು ಸೇರುವ ಹಳ್ಳದ ಚೌಕಗಳಲ್ಲಿ LS ವಿಪರೀತ ಏರುತ್ತದೆ. ನಕ್ಷೆಯಲ್ಲಿ ಹಳ್ಳಗಳೇ ಕಡುಗೆಂಪಾಗಿದ್ದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ. ಸೂತ್ರ ಅಳೆಯುವುದು ಹೊಲದ ಮೇಲ್ಪದರ ಮತ್ತು ಸಣ್ಣ ಕೊರಕಲಿನ ನಷ್ಟವನ್ನು ಮಾತ್ರ. ದೊಡ್ಡ ಕೊರಕಲು, ಕೆರೆಗೆ ಸೇರುವ ಹೂಳು ಅದರಲ್ಲಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು C. ಅಕ್ಟೋಬರಿನ ಹಸಿರು ಉಪಗ್ರಹ ಚಿತ್ರ ನೋಡಿ ಹೊದಿಕೆ ಚೆನ್ನಾಗಿದೆ ಎಂದರೆ, ಮೇ ತಿಂಗಳಲ್ಲಿ ಉತ್ತಿಟ್ಟ ಬರಿ ನೆಲಕ್ಕೆ ಬಿದ್ದ ಗುಡುಗು ಮಳೆಯ ನಷ್ಟ ಮರೆಯಾಗುತ್ತದೆ. ಆಯಾ ಕಾಲದ ಹೊದಿಕೆಯನ್ನು ಆಯಾ ಕಾಲದ ಮಳೆಯ ಬಲದ ಜೊತೆ ತೂಗಬೇಕು.

ಹೀಗಾಗಿ ಯಾವ ಇಳಿಜಾರಿನಲ್ಲಿ ಮೊದಲು ಕೆಲಸ ಆಗಬೇಕು ಎಂದು ಆರಿಸಲು ಈ ನಕ್ಷೆಯನ್ನು ನಂಬಬಹುದು. ಒಂದೇ ಹೊಲದ ಟನ್ ಲೆಕ್ಕವನ್ನು ಮಾತ್ರ, ಮಳೆ ನಿಂತ ಮೇಲೆ ಆ ಹೊಲಕ್ಕೆ ಹೋಗಿ ಕೊರಕಲು ನೋಡದೆ ಒಪ್ಪಬೇಡಿ.