ದೋಸೆ ಹಿಟ್ಟಿನ ಪಕ್ಕ ಹಾಲೋ, ತೆಂಗಿನಕಾಯೋ?

ಬೆಂಗಳೂರಿನ ಜೋಗುಪಾಳ್ಯದಂಥ ಇಕ್ಕಟ್ಟಾದ ಬಡಾವಣೆಯ ಸೂಪರ್‌ಮಾರ್ಕೆಟ್‌ಗೆ ಒಂದೊಂದು ಅಡಿ ಜಾಗವೂ ದುಬಾರಿ. ದೋಸೆ ಹಿಟ್ಟಿನ ಪ್ಯಾಕೆಟ್ ಇರುವ ಫ್ರಿಜ್ಜಿನ ಎದುರು ಏನಿಟ್ಟರೆ ವ್ಯಾಪಾರ ಹೆಚ್ಚುತ್ತದೆ? ಬಿಲ್ಲುಗಳ ರಾಶಿಯಿಂದ ಇಂಥ ಜೋಡಿಗಳನ್ನು ಹೆಕ್ಕುವ ವಿಧಾನವನ್ನು ಐಬಿಎಂನ ರಾಕೇಶ್ ಅಗ್ರವಾಲ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದರು. 2011ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಬಿಗ್‌ಬಾಸ್ಕೆಟ್, ಗ್ರಾಹಕರು ಏನಾದರೂ ಮರೆತರೇ ಎಂದು ನೆನಪಿಸುವುದರ ಹಿಂದೆಯೂ ಇಂಥದೇ ಪ್ರಶ್ನೆಯಿದೆ: ಯಾವುದರ ಜೊತೆ ಯಾವುದು ಹೋಗುತ್ತದೆ?

ಲೆಕ್ಕಕ್ಕೆಂದು 1,000 ಬಿಲ್ಲುಗಳನ್ನು ಊಹಿಸಿಕೊಳ್ಳೋಣ. 100ರಲ್ಲಿ ದೋಸೆ ಹಿಟ್ಟು, 600ರಲ್ಲಿ ಹಾಲು, 120ರಲ್ಲಿ ತೆಂಗಿನಕಾಯಿ. ಹಿಟ್ಟು, ಹಾಲು ಎರಡೂ ಇರುವ ಬಿಲ್ಲು 55. ಒಟ್ಟು ಬಿಲ್ಲುಗಳಲ್ಲಿ ಈ ಜೋಡಿಯ ಪಾಲು ಶೇ 5.5, ಅದು ಸಪೋರ್ಟ್. ಹಿಟ್ಟು ಕೊಂಡವರಲ್ಲಿ ಹಾಲನ್ನೂ ಕೊಂಡವರು ಶೇ 55; ಅದು ಕಾನ್ಫಿಡೆನ್ಸ್. ಹಿಟ್ಟು, ಕಾಯಿ ಎರಡೂ ಇರುವ ಬಿಲ್ಲು 36, ಕಾನ್ಫಿಡೆನ್ಸ್ ಶೇ 36. ಇಷ್ಟನ್ನೇ ನೋಡಿದವರು ಹಾಲಿಗೇ ಜಾಗ ಕೊಡುತ್ತಾರೆ.

ಎಡವುವುದು ಇಲ್ಲೇ. ಹಾಲು ಹೇಗೂ ಶೇ 60ರಷ್ಟು ಬಿಲ್ಲುಗಳಲ್ಲಿದೆ. ಹಿಟ್ಟು ಕೊಂಡವರಲ್ಲಿ ಅದು ಶೇ 55ಕ್ಕೆ ಇಳಿದಿದೆ. 55ನ್ನು 60ರಿಂದ ಭಾಗಿಸಿದರೆ ಸುಮಾರು 0.92, ಇದೇ ಲಿಫ್ಟ್. ಒಂದಕ್ಕಿಂತ ಕಡಿಮೆಯಾದ್ದರಿಂದ ಹಿಟ್ಟಿಗೂ ಹಾಲಿಗೂ ವಿಶೇಷ ನಂಟಿಲ್ಲ. ತೆಂಗಿನಕಾಯಿ ಎಲ್ಲ ಬಿಲ್ಲುಗಳಲ್ಲಿ ಇರುವುದು ಶೇ 12 ಮಾತ್ರ, ಹಿಟ್ಟಿನ ಬಿಲ್ಲುಗಳಲ್ಲಿ ಶೇ 36. ಲಿಫ್ಟ್ 3. ಚಟ್ನಿ ಮಾಡುವವರಿಗೆ ಇದರಲ್ಲಿ ಅಚ್ಚರಿಯಿಲ್ಲ, ಆದರೆ ನಂಟು ಎಷ್ಟು ಗಟ್ಟಿ ಎಂಬುದು ಈಗ ಅಳತೆಗೆ ಸಿಕ್ಕಿತು.

ಲಿಫ್ಟನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಗುಲ್ಕನ್ ಇರುವ ಬಿಲ್ಲು ಎರಡೇ, ಶ್ಯಾವಿಗೆ ಇರುವುದು ನಾಲ್ಕು, ಆ ಎರಡೂ ಬಿಲ್ಲುಗಳು ನಾಲ್ಕರೊಳಗೇ ಸೇರಿವೆ ಎನ್ನಿ: ಲಿಫ್ಟ್ 250! ಒಂದೇ ಮನೆಯವರು ಎರಡು ಸಲ ಬಂದಿದ್ದರೂ ಹೀಗಾಗುತ್ತದೆ. ಹಾಗಾಗಿ ಸಪೋರ್ಟ್‌ಗೆ ಮೊದಲೇ ಒಂದು ಕನಿಷ್ಠ ಮಿತಿ ಹಾಕಿಕೊಳ್ಳಬೇಕು. ಗೌರಿ–ಗಣೇಶ ಹಬ್ಬದ ವಾರದ ಬಿಲ್ಲುಗಳನ್ನು ಬೇರೆಯೇ ಇಡಬೇಕು. ಆ ವಾರ ಬಾಳೆಎಲೆ, ಬೆಲ್ಲ, ಕಾಯಿ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಕಾಂಬೊ ಆಫರಿನಿಂದ ಹುಟ್ಟಿದ ಜೋಡಿಯೂ ನಿಜವಾದ ನಂಟಲ್ಲ. ಇನ್ನೊಂದು ಕೊರತೆ ಕಂಪ್ಯೂಟರಿಗೆ ಕಾಣುವುದೇ ಇಲ್ಲ: ಹೊರಗಿನ ತಳ್ಳುಗಾಡಿಯಲ್ಲಿ ಕೊಂಡ ಕಾಯಿ ಅಂಗಡಿಯ ಬಿಲ್ಲಿಗೆ ಬರುವುದಿಲ್ಲ.

ನನ್ನ ಮಟ್ಟಿಗೆ, ಜಾಗ ಬದಲಿಸಿದ ಮೇಲಿನ ಪರೀಕ್ಷೆಯೇ ಮುಖ್ಯ. ಎರಡು ವಾರ ಕಾಯಿಯ ಬುಟ್ಟಿ ಫ್ರಿಜ್ಜಿನ ಎದುರಿರಲಿ, ಮುಂದಿನೆರಡು ವಾರ ತರಕಾರಿ ಬಳಿಗೆ ಮರಳಲಿ. ನೋಡಬೇಕಾದದ್ದು ಅಂಗಡಿಯ ಒಟ್ಟು ಕಾಯಿ ಮಾರಾಟ. ಹಿಂದೆ ತರಕಾರಿ ಬಳಿ ಎತ್ತಿಕೊಳ್ಳುತ್ತಿದ್ದವರೇ ಈಗ ಫ್ರಿಜ್ಜಿನ ಎದುರು ಎತ್ತಿಕೊಂಡಿದ್ದರೆ ಆ ಜಾಗದಿಂದ ಹೊಸ ವ್ಯಾಪಾರವೇನೂ ಹುಟ್ಟಿಲ್ಲ. ಆಗ ಪಟ್ಟಿಯಲ್ಲಿರುವ ಮುಂದಿನ ಜೋಡಿಗೆ ಅವಕಾಶ ಕೊಡಬಹುದು.