ಕ್ಲೇಮ್ ತಿರಸ್ಕೃತವಾಯ್ತಾ? ಒಂಬುಡ್ಸ್‌ಮನ್‌ಗೆ ಒಂದೇ ಪುಟದ ದೂರು ಸಾಕು

ಅಪ್ಪನಿಗೆ ಡೆಂಗ್ಯೂ. ಐದು ದಿನ ಆಸ್ಪತ್ರೆ, ₹1,84,600 ಬಿಲ್. 2022ರಿಂದ ತಪ್ಪದೆ ಪ್ರೀಮಿಯಂ ಕಟ್ಟಿದ ಪಾಲಿಸಿ ಇದೆಯಲ್ಲ ಅಂತ ಮನೆಯವರು ಧೈರ್ಯವಾಗಿದ್ದರು. ಆದರೆ ಕಂಪನಿಯಿಂದ ಬಂದದ್ದು ಎರಡು ಸಾಲಿನ ಪತ್ರ: 'ಸಕ್ಕರೆ ಕಾಯಿಲೆ ಮುಚ್ಚಿಟ್ಟು ಪಾಲಿಸಿ ಪಡೆದಿದ್ದೀರಿ, ಕ್ಲೇಮ್ ತಿರಸ್ಕರಿಸಲಾಗಿದೆ.'

ಇದು ಕಲ್ಪಿತ ಉದಾಹರಣೆ. ಆದರೆ ಇಂಥ ಪತ್ರ ಎಷ್ಟೋ ಮನೆಗಳಿಗೆ ಬರುತ್ತೆ. ಹೆಚ್ಚಿನವರು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಏಜೆಂಟ್ ಹತ್ತಿರ ಗೋಗರೆದು, ಕೊನೆಗೆ ಸುಮ್ಮನಾಗ್ತಾರೆ. ವಿಮಾ ಒಂಬುಡ್ಸ್‌ಮನ್ ಇರೋದು ಇಂಥ ತಕರಾರಿಗಾಗಿಯೇ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ, cioins.co.in ಮೂಲಕ ಆನ್‌ಲೈನ್‌ನಲ್ಲೂ ದೂರು ಕೊಡಬಹುದು.

ಮೊದಲ ಬಾಗಿಲು ಕಂಪನಿಯದ್ದೇ

ಎಡವೋದು ಇಲ್ಲೇ. ತಿರಸ್ಕಾರದ ಪತ್ರ ಹಿಡಿದು ನೇರ ಒಂಬುಡ್ಸ್‌ಮನ್ ಬಳಿ ಹೋದರೆ ದೂರು ನಿಲ್ಲೋದಿಲ್ಲ. 2017ರ ವಿಮಾ ಒಂಬುಡ್ಸ್‌ಮನ್ ನಿಯಮಗಳ ಪ್ರಕಾರ, ಮೊದಲು ಕಂಪನಿಗೇ ಲಿಖಿತವಾಗಿ ಆಕ್ಷೇಪ ಸಲ್ಲಿಸಿರಬೇಕು. ಕಂಪನಿ ಅದನ್ನು ತಳ್ಳಿಹಾಕಿದರೆ, ಕೊಟ್ಟ ಉತ್ತರ ಸಮಾಧಾನ ತರದಿದ್ದರೆ ಅಥವಾ ಒಂದು ತಿಂಗಳಾದರೂ ಉತ್ತರವೇ ಬಾರದಿದ್ದರೆ ಒಂಬುಡ್ಸ್‌ಮನ್ ಬಾಗಿಲು ತೆರೆಯುತ್ತೆ. ಅಲ್ಲಿಂದ ಒಂದು ವರ್ಷದೊಳಗೆ ದೂರು ಕೊಡಬೇಕು. ಫೋನ್ ಕರೆ ಲೆಕ್ಕಕ್ಕಿಲ್ಲ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಕಳಿಸಿ, ಅದರ ಪ್ರತಿ ಇಟ್ಟುಕೊಳ್ಳಿ.

ಇನ್ನೊಂದು ಎಚ್ಚರಿಕೆ: ಇದೇ ವಿಷಯ ಗ್ರಾಹಕ ಆಯೋಗದಲ್ಲೋ ಕೋರ್ಟಿನಲ್ಲೋ ಇದ್ದರೆ ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳೋದಿಲ್ಲ.

ಕಂಪನಿ ಹೇಳಿದ ಕಾರಣಕ್ಕೇ ಉತ್ತರ ಕೊಡಿ

'ಡೆಂಗ್ಯೂಗೂ ಸಕ್ಕರೆ ಕಾಯಿಲೆಗೂ ಏನು ಸಂಬಂಧ?' ಅನ್ನೋದು ಸಹಜ ಸಿಟ್ಟು. ಆದರೆ ಅಷ್ಟೇ ಬರೆದರೆ ಸಾಲದು. ಕಂಪನಿಯ ಆರೋಪ ಇರೋದು ಮಾಹಿತಿ ಮುಚ್ಚಿಟ್ಟಿರಿ ಎಂದು. ಹಾಗಾಗಿ ಪಾಲಿಸಿ ತಗೊಂಡಾಗ ಕಾಯಿಲೆ ಇರಲಿಲ್ಲ ಅಂತ ತೋರಿಸಬೇಕು.

ಈ ಆರೋಪದ ಮೂಲ ಎಷ್ಟೋ ಸಲ ಡಿಸ್ಚಾರ್ಜ್ ಸಮ್ಮರಿಯಲ್ಲಿರುತ್ತೆ. ದಾಖಲಾಗುವ ಗಡಿಬಿಡಿಯಲ್ಲಿ ಯಾರೋ '8 ವರ್ಷದಿಂದ ಸಕ್ಕರೆ ಕಾಯಿಲೆ' ಅಂತ ಬರೆದಿರ್ತಾರೆ. ನಮ್ಮ ಉದಾಹರಣೆಯಲ್ಲಿ ಕಾಯಿಲೆ ಪತ್ತೆಯಾದದ್ದು 2024ರಲ್ಲಿ. 2021ರ ರಕ್ತ ಪರೀಕ್ಷೆ ಸಹಜ ಅಂತಲೇ ಇದೆ. ಆ ಎರಡು ವರದಿ, ಜೊತೆಗೆ 'ಬರೆದದ್ದು ತಪ್ಪಾಗಿದೆ' ಎಂದು ಚಿಕಿತ್ಸೆ ಕೊಟ್ಟ ವೈದ್ಯರ ಪತ್ರ: ಪ್ರಕರಣದ ಜೀವಾಳ ಇಷ್ಟೇ. ಪ್ರಪೋಸಲ್ ಫಾರ್ಮ್‌ನ ಪ್ರತಿಯನ್ನೂ ಕಂಪನಿಯಿಂದ ಕೇಳಿ ಪಡೆಯಿರಿ. ಏಜೆಂಟ್ ಏನು ತುಂಬಿದ್ದಾರೆ ಅಂತ ಆಗಲೇ ಗೊತ್ತಾಗೋದು.

ದೂರು ಹೀಗಿರಲಿ

> ವಿಷಯ: ಆರೋಗ್ಯ ವಿಮೆ ಕ್ಲೇಮ್ ತಿರಸ್ಕಾರ (ಪಾಲಿಸಿ ಸಂಖ್ಯೆ, ಕ್ಲೇಮ್ ಸಂಖ್ಯೆ, ಕಂಪನಿ ಶಾಖೆಯ ವಿಳಾಸ)
>
> ಸಂಗತಿ: 10-06-2022ರಿಂದ ಪಾಲಿಸಿ ನಿರಂತರವಾಗಿದೆ. 03-10-2025ರಿಂದ 08-10-2025ರವರೆಗೆ ಡೆಂಗ್ಯೂಗಾಗಿ ಒಳರೋಗಿಯಾಗಿದ್ದೆ. ಬಿಲ್ ₹1,84,600. ಸಕ್ಕರೆ ಕಾಯಿಲೆ ಮೊದಲು ಪತ್ತೆಯಾದದ್ದು ಮಾರ್ಚ್ 2024ರಲ್ಲಿ (ಲಗತ್ತು 3). 2021ರ ಪರೀಕ್ಷೆ ಸಹಜವಾಗಿತ್ತು (ಲಗತ್ತು 4). ಡಿಸ್ಚಾರ್ಜ್ ಸಮ್ಮರಿಯ ತಪ್ಪನ್ನು ವೈದ್ಯರು ಸರಿಪಡಿಸಿದ್ದಾರೆ (ಲಗತ್ತು 5).
>
> ಪತ್ರವ್ಯವಹಾರ: 18-11-2025ರಂದು ಕ್ಲೇಮ್ ತಿರಸ್ಕಾರ (ಲಗತ್ತು 6). 01-12-2025ರಂದು ಕುಂದುಕೊರತೆ ಅಧಿಕಾರಿಗೆ ಇಮೇಲ್ (ಲಗತ್ತು 7). ತಿಂಗಳು ಕಳೆದರೂ ಉತ್ತರವಿಲ್ಲ.
>
> ಕೋರಿಕೆ: ಪಾಲಿಸಿ ಪ್ರಕಾರ ಸಿಗದ ₹6,200 ಕಳೆದು ₹1,78,400 ಮತ್ತು ನಿಯಮಾನುಸಾರ ಬಡ್ಡಿ ಕೊಡಿಸಬೇಕು. ಈ ವಿಷಯ ಬೇರಾವ ಕೋರ್ಟ್ ಅಥವಾ ಆಯೋಗದ ಮುಂದಿಲ್ಲ.

ಪಾಲಿಸಿ ಅಪ್ಪನದಾದ್ದರಿಂದ ದೂರು ಅವರ ಹೆಸರಲ್ಲಿ, ಸಹಿಯೂ ಅವರದೇ. ಬರೆದುಕೊಡೋದು ಮಕ್ಕಳ ಕೆಲಸ.

ಕೋರಿಕೆಯಲ್ಲಿ 'ನ್ಯಾಯ ಕೊಡಿಸಿ' ಅಂತಲ್ಲ, ರೂಪಾಯಿ ಲೆಕ್ಕ ಇರಬೇಕು. ₹6,200 ನಾವೇ ಕಳೆದದ್ದು ಯಾಕೆ ಅಂದ್ರೆ, ಪಾಲಿಸಿಯಲ್ಲಿಲ್ಲದ್ದನ್ನು ಕೇಳಿದರೆ ಉಳಿದ ಲೆಕ್ಕದ ಮೇಲೂ ಅನುಮಾನ ಬರುತ್ತೆ. ಮಾನಸಿಕ ಯಾತನೆಗೆ ಐದು ಲಕ್ಷ ಅಂತ ಸೇರಿಸಿಯೂ ಪ್ರಯೋಜನವಿಲ್ಲ. ನಿಮಗೆ ನೇರವಾಗಿ ಆದ ನಷ್ಟಕ್ಕಿಂತ ಹೆಚ್ಚು ಕೊಡಿಸುವ ಅಧಿಕಾರ ಒಂಬುಡ್ಸ್‌ಮನ್‌ಗಿಲ್ಲ. ಒಟ್ಟು ಮಿತಿ ₹50 ಲಕ್ಷ.

ಬೇಕಾದ ದಾಖಲೆಗಳೆಲ್ಲ ಸೇರಿದ ಮೇಲೆ ಮೂರು ತಿಂಗಳೊಳಗೆ ತೀರ್ಪು ಬರಬೇಕು. ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತೆ. ಅದು 30 ದಿನದೊಳಗೆ ಪಾಲಿಸಬೇಕು. ನಿಮಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕ ಆಯೋಗದ ದಾರಿ ಆಗಲೂ ತೆರೆದೇ ಇರುತ್ತೆ. ಹಾಗಾಗಿ ಮನೆಗೆ ತಿರಸ್ಕಾರದ ಪತ್ರ ಬಂದ ದಿನ ಮಾಡಬೇಕಾದ ಮೊದಲ ಕೆಲಸ, ಕುಂದುಕೊರತೆ ಅಧಿಕಾರಿಗೆ ಆ ಇಮೇಲ್ ಕಳಿಸೋದು.