ಬೋನಸ್ ನಂಬಿ ಕಾರಿನ ಸಾಲ: ತಪ್ಪು ಕಲ್ಪನೆ ಮತ್ತು ಸತ್ಯ

ಮಕ್ತಲ, ನಾರಾಯಣಪೇಟೆ ಕಡೆಯಿಂದ ಹೈದರಾಬಾದಿಗೆ ಹೋಗಿ ಐಟಿ ಕಂಪನಿಗಳಲ್ಲಿ ದುಡಿಯುವವರಿಗೂ, ಗದ್ವಾಲ ಸುತ್ತಲಿನ ಹತ್ತಿಬೀಜ ಕಂಪನಿಗಳ ಮಾರಾಟ ಅಧಿಕಾರಿಗಳಿಗೂ ಸಂಬಳದ ಒಂದು ಪಾಲು ಬೋನಸ್ಸಾಗಿ ಬರುವುದುಂಟು. ಕಾರಿನ ಸಾಲ ಎಷ್ಟು ತೆಗೆಯಬೇಕು ಎನ್ನುವ ಲೆಕ್ಕ ಎಡವುವುದು ಇಲ್ಲೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಕ್ತಲದವರೊಬ್ಬರಿಗೆ ಹೈದರಾಬಾದಿನಲ್ಲಿ ಕೆಲಸ. ತಿಂಗಳಿಗೆ 1 ಲಕ್ಷ ನಿಗದಿತ ಸಂಬಳ, ವರ್ಷಕ್ಕೊಮ್ಮೆ 6 ಲಕ್ಷದವರೆಗೆ ಬೋನಸ್.

ತಪ್ಪು ಕಲ್ಪನೆ 1: ವರ್ಷಕ್ಕೆ 18 ಲಕ್ಷ ಅಂದರೆ ತಿಂಗಳಿಗೆ ಒಂದೂವರೆ ಲಕ್ಷ.

ಸತ್ಯ: ಪಿಎಫ್ 6,000, ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು 93,800. ಬೋನಸ್ ಇನ್ನೂ ದೊಡ್ಡ ಪೆಟ್ಟು ತಿನ್ನುತ್ತದೆ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದ ಸಂಬಳಕ್ಕೆ ಆದಾಯ ತೆರಿಗೆಯೇ ಇಲ್ಲ. ಅದಕ್ಕೆ 6 ಲಕ್ಷ ಸೇರಿದ ಕೂಡಲೇ ರಿಯಾಯಿತಿ ತಪ್ಪಿ, ಸೆಸ್ ಸೇರಿ 1,50,800 ರೂಪಾಯಿ ತೆರಿಗೆ ಬೀಳುತ್ತದೆ. ಇಷ್ಟೂ ತೆರಿಗೆ ಬೋನಸ್ಸಿನಿಂದಲೇ ಬಂದದ್ದು. ಹಾಗಾಗಿ 6 ಲಕ್ಷದಲ್ಲಿ ಉಳಿಯುವುದು ಸುಮಾರು 4.49 ಲಕ್ಷ. ಕಂಪನಿ ಅರ್ಧ ಬೋನಸ್ ಮಾತ್ರ ಕೊಟ್ಟ ವರ್ಷ ತೆರಿಗೆ ಕಳೆದು ಸಿಗುವುದು 2 ಲಕ್ಷದ ಆಸುಪಾಸು. ಬೋನಸ್ ಅರ್ಧವಾದರೆ ಕೈಗೆ ಬರುವ ಹಣ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ.

ತಪ್ಪು ಕಲ್ಪನೆ 2: ಬ್ಯಾಂಕ್ ಮಂಜೂರು ಮಾಡಿದೆ ಅಂದರೆ ನಾನು ಕಟ್ಟಬಲ್ಲೆ.

ಸತ್ಯ: ಬ್ಯಾಂಕು ನೋಡುವುದು ತನ್ನ ಹಣ ವಾಪಸು ಬರುತ್ತದೆಯೇ ಎಂದು. ಮನೆ ನಡೆಯುತ್ತದೆಯೇ ಎಂದು ನೋಡಿಕೊಳ್ಳಬೇಕಾದವರು ನಾವು. ಕೆಲವು ಬ್ಯಾಂಕುಗಳು ಹಿಂದಿನ ವರ್ಷಗಳ ಫಾರ್ಮ್ 16 ನೋಡಿ ಬೋನಸ್ಸನ್ನೂ ಆದಾಯಕ್ಕೆ ಸೇರಿಸಿಕೊಳ್ಳುತ್ತವೆ. ಆಗ ಸಾಲದ ಮಿತಿ ಇನ್ನೂ ಹಿಗ್ಗುತ್ತದೆ.

ನಮ್ಮ ಲೆಕ್ಕ ಕೆಳಗಿನಿಂದ ಶುರುವಾಗಬೇಕು. ಹೈದರಾಬಾದಿನ ಮನೆ ಬಾಡಿಗೆ 22,000, ಮನೆ ಖರ್ಚು 25,000, ಊರಲ್ಲಿರುವ ಅಪ್ಪ-ಅಮ್ಮನಿಗೆ 10,000, ವಿಮೆ ಮತ್ತು ಉಳಿತಾಯಕ್ಕೆ 12,000. ಒಟ್ಟು 69,000. ಮಿಕ್ಕಿದ್ದು 24,800. ಕಾರು ಬಂದ ಮೇಲೆ ಪೆಟ್ರೋಲ್, ಮಹಬೂಬನಗರ ದಾರಿಯಲ್ಲಿ ಊರಿಗೆ ಬಂದು ಹೋಗುವ ಟೋಲ್, ಸರ್ವಿಸ್, ವಾಹನ ವಿಮೆ ಎಲ್ಲ ಸೇರಿ ತಿಂಗಳಿಗೆ 9,000 ಹಿಡಿಯೋಣ. ಕಂತಿಗೆ ಉಳಿಯುವುದು 15,800.

ಶೇ. 9ರ ಬಡ್ಡಿಗೆ, 5 ವರ್ಷಕ್ಕೆ, ಪ್ರತಿ ಲಕ್ಷಕ್ಕೆ ಕಂತು ಸುಮಾರು 2,076. ಆದ್ದರಿಂದ 7 ಲಕ್ಷದ ಸಾಲಕ್ಕೆ 14,531. ಇವರಿಗೆ ಒಪ್ಪುವ ಸಾಲ ಇಷ್ಟೇ. ಅದರ ಬದಲು 15 ಲಕ್ಷ ತೆಗೆದರೆ ಕಂತು 31,138. ತಿಂಗಳಿಗೆ 15,300ಕ್ಕಿಂತ ಹೆಚ್ಚು ಕೊರತೆ, ವರ್ಷಕ್ಕೆ 1.84 ಲಕ್ಷ. ಅರ್ಧ ಬೋನಸ್ ಬಂದರೆ ಹೆಚ್ಚುಕಡಿಮೆ ಅಷ್ಟೂ ಅಲ್ಲಿಗೇ ಸರಿ. ಏನೂ ಬರದಿದ್ದರೆ ಉಳಿತಾಯ ಮುರಿಯಬೇಕು. ಇನ್ನೊಂದು ತೊಡಕು ಕಾಲದ್ದು: ಬೋನಸ್ ವರ್ಷಕ್ಕೊಮ್ಮೆ, ಕಂತು ಮೊದಲ ತಿಂಗಳಿನಿಂದಲೇ. ನಡುವಿನ ತಿಂಗಳುಗಳನ್ನು ಕ್ರೆಡಿಟ್ ಕಾರ್ಡಿನಿಂದ ತಳ್ಳಲು ಹೋದವರು ಕಾರಿನ ಬಡ್ಡಿಗಿಂತ ಹಲವು ಪಟ್ಟು ತೆರುತ್ತಾರೆ. ಕಾರ್ಡಿನ ಬಾಕಿ ತಿಂಗಳು ತಿಂಗಳು ಬೆಳೆಯುತ್ತಿದ್ದರೆ ಸಾಲ ಅಳತೆ ಮೀರಿದೆ ಎಂದೇ ತಿಳಿಯಬೇಕು.

ತಪ್ಪು ಕಲ್ಪನೆ 3: ಈಗ ದೊಡ್ಡ ಸಾಲ ತೆಗೆದು, ಬೋನಸ್ ಬಂದಾಗ ತೀರಿಸಿದರಾಯಿತು.

ಸತ್ಯ: ಬಡ್ಡಿ ಬದಲಾಗುವ ಸಾಲವನ್ನು ವ್ಯಾಪಾರಕ್ಕಲ್ಲದೆ ಸ್ವಂತಕ್ಕೆ ತೆಗೆದವರಿಂದ ಅವಧಿಗೆ ಮುನ್ನ ತೀರಿಸುವ ಶುಲ್ಕ ವಸೂಲು ಮಾಡಬಾರದು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆದರೆ ಕಾರಿನ ಸಾಲ ಅನೇಕ ಕಡೆ ಸ್ಥಿರ ಬಡ್ಡಿಯದು. ಅದಕ್ಕೆ ಈ ರಕ್ಷಣೆ ಇಲ್ಲ. ಮೊದಲ ಕೆಲವು ತಿಂಗಳು ತೀರಿಸಲು ಬಿಡದಿರಬಹುದು, ಆಮೇಲೂ ಶುಲ್ಕ ಕೇಳಬಹುದು. 2024ರ ಅಕ್ಟೋಬರ್ 1ರಿಂದ ಎಲ್ಲ ಹೊಸ ಚಿಲ್ಲರೆ ಸಾಲಗಳಿಗೂ ಬ್ಯಾಂಕು ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಕೊಡಲೇಬೇಕು. ಮುಂಗಡ ತೀರಿಕೆಯ ಶುಲ್ಕವನ್ನು ಸಹಿ ಹಾಕುವ ಮುಂಚೆ ಅದರಲ್ಲಿ ಓದಿಕೊಳ್ಳಿ.

ಬೋನಸ್ಸಿಗೆ ಸರಿಯಾದ ಜಾಗ ಡೌನ್ ಪೇಮೆಂಟ್. ಅದೂ ಖಾತೆಗೆ ಬಂದು ಬಿದ್ದ ಮೇಲೆ. ನಮ್ಮ ಉದಾಹರಣೆಯಲ್ಲಿ 4.49 ಲಕ್ಷದಲ್ಲಿ 4 ಲಕ್ಷ ಕೊಟ್ಟು, 7 ಲಕ್ಷ ಸಾಲ ಸೇರಿಸಿದರೆ ಲೈಫ್ ಟ್ಯಾಕ್ಸ್, ವಿಮೆ ಎಲ್ಲ ಸೇರಿ 11 ಲಕ್ಷದ ಕಾರು ಮನೆಗೆ ಬರುತ್ತದೆ. ಮಿಕ್ಕ 49,000 ಕೈಗಾವಲು. ಮುಂದಿನ ವರ್ಷ ಬೋನಸ್ ಬಾರದಿದ್ದರೂ ಕಂತು ನಿಲ್ಲುವುದಿಲ್ಲ. ಶೋರೂಮಿನವರು ‘ಸಾರ್, ಇನ್ನೂ ಎಲಿಜಿಬಿಲಿಟಿ ಇದೆ’ ಎಂದಾಗ ನೀವು ನೋಡಬೇಕಾದದ್ದು ಬೋನಸ್ ಬಾರದ ಒಂದು ತಿಂಗಳಿನ ಸಂಬಳ ಚೀಟಿಯನ್ನು ಮಾತ್ರ.